ಸಗಟು ವ್ಯಾಪಾರಿ ಕಳಿಸಿದ ಸೀರೆಯ ವಿವರಣೆ ನೂರು ಕಡೆ ಇದೆ, ನಾನು ಏನು ಬರೆಯಲಿ?

ನೇರಳೆಸೆರಗು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನೆಯಲ್ಲಿದ್ದುಕೊಂಡೇ ಸೀರೆ ಮಾರುತ್ತಿದ್ದೇನೆ. ಮೊದಲು ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಇದ್ದೆ, ಕಳೆದ ಯುಗಾದಿಗೆ ಸ್ವಂತ ಜಾಲತಾಣ ಮಾಡಿಸಿಕೊಂಡೆ. ಸರಕು ಹೆಚ್ಚಾಗಿ ಸೂರತ್‌ನದು. ಅಲ್ಲಿಯ ವ್ಯಾಪಾರಿ ಫೋಟೊ ಮತ್ತು ವಿವರಣೆಯನ್ನು ಒಟ್ಟಿಗೆ ಕಳಿಸುತ್ತಾರೆ, ನಾನು ಎತ್ತಿ ತಾಣಕ್ಕೆ ಹಾಕುತ್ತೇನೆ. ಈಗ 340 ಪುಟಗಳಾಗಿವೆ. ಗೂಗಲ್‌ನಿಂದ ಬರುವವರು ಬೆರಳೆಣಿಕೆಯಷ್ಟು.

ಮೊನ್ನೆ ನನ್ನದೇ ಪುಟದ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದೆ. ಪುಟಗಟ್ಟಲೆ ಬಂತು, ಎಲ್ಲ ಬೇರೆ ಬೇರೆ ಅಂಗಡಿಗಳು. ಸೂರತ್‌ನವರು ಬ್ರೋಕೇಡ್ ಎನ್ನುವುದನ್ನು `brocket blouse` ಎಂದು ತಪ್ಪಾಗಿ ಬರೆದಿದ್ದರು. ಆ ತಪ್ಪು ಕೂಡ ಎಲ್ಲರ ಪುಟದಲ್ಲೂ ಹಾಗೆಯೇ ಇದೆ. ನನ್ನದರಲ್ಲೂ ಇದೆ, ಒಂದು ವರ್ಷದಿಂದ ನಾನು ನೋಡಿಯೇ ಇರಲಿಲ್ಲ.

ನಾಚಿಕೆಯಾಗಿ ಬದಲಿಸಲು ಕೂತೆ. ಅವರ ಸಾಲುಗಳನ್ನು ಕನ್ನಡದಲ್ಲಿ ಹೇಳುವುದಾದರೆ: "ಸಾಫ್ಟ್ ಲಿಚಿ ಸಿಲ್ಕ್ ಸೀರೆ, ಜಾಕಾರ್ಡ್ ನೇಯ್ಗೆ, ರಿಚ್ ಪಲ್ಲು, ಬ್ರೋಕೇಡ್ ಬ್ಲೌಸ್, ಹಬ್ಬ ಮದುವೆ ಪಾರ್ಟಿಗಳಿಗೆ ಸೂಕ್ತ." ನಾನು ಮಾಡಿದ್ದು: "ಮೃದುವಾದ ಲಿಚಿ ರೇಷ್ಮೆಯ ಸುಂದರ ಸೀರೆ, ಆಕರ್ಷಕ ಜಾಕಾರ್ಡ್ ನೇಯ್ಗೆ, ಶ್ರೀಮಂತ ಸೆರಗು, ಶುಭ ಸಮಾರಂಭಗಳಿಗೆ ಒಪ್ಪುವಂಥದ್ದು." ಓದಿ ನನ್ನ ಅತ್ತೆ, "ಸೆರಗಿಗೆ ಎಷ್ಟು ಎಕರೆ ತೋಟವಿದೆಯಂತೆ?" ಎಂದರು. ಇದಕ್ಕಿಂತ ಮುಂದೆ ನನಗೆ ದಾರಿ ತೋಚುತ್ತಿಲ್ಲ.

ತುಂಗೆತೀರ

ಮೇಡಂ, ಇದು ಸುಲಭ. ನೂರರಲ್ಲಿ ಮೂವತ್ತು ಪದ ಬೇರೆಯಾಗಿದ್ದರೆ ಸಾಕು, ನಕಲು ಎಂದು ಲೆಕ್ಕವಾಗುವುದಿಲ್ಲ. ಮೊದಲ ಸಾಲನ್ನು ಕೊನೆಗೆ ಹಾಕಿ, ಕೊನೆಯದನ್ನು ಮೊದಲಿಗೆ ತನ್ನಿ, ನಡುವೆ ಎರಡು ಸಾಲು ಸೇರಿಸಿ. ಹಾಗೆ ಮಾಡದಿದ್ದರೆ ಗೂಗಲ್ ದಂಡ ಹಾಕುತ್ತದೆ, ಇಡೀ ತಾಣವೇ ಕೆಳಗೆ ಹೋಗುತ್ತದೆ. ನಮ್ಮ ಊರಿನ ಒಂದು ಫರ್ನಿಚರ್ ಅಂಗಡಿಗೆ ಹಾಗೇ ಆಯಿತು. ಮತ್ತೆ, ಸಗಟು ವ್ಯಾಪಾರಿಯ ಫೋಟೊ ಹಾಕಿದರೂ ಪರವಾಗಿಲ್ಲ, ಫೋಟೊವನ್ನು ಯಾರೂ ಹೋಲಿಸಿ ನೋಡುವುದಿಲ್ಲ.

ಹಳೆಕ್ಯಾಟಲಾಗ್

ಬೆಂಗಳೂರಿನ ಬಟ್ಟೆ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ಇದೇ ಕೆಲಸ ಮಾಡಿದವನು ನಾನು. ದಿನಕ್ಕೆ ನಲವತ್ತು ವಿವರಣೆ ಬರೆಯುತ್ತಿದ್ದೆ, ಅವುಗಳಲ್ಲಿ ಮೂವತ್ತೈದು ಕೆಟ್ಟದಾಗಿರುತ್ತಿದ್ದವು. ಆ ಅನುಭವದ ಮೇಲೆ ಹೇಳುತ್ತೇನೆ.

ತುಂಗೆತೀರ ಅವರು ಹೇಳಿದ ಮೂವತ್ತರ ಲೆಕ್ಕಕ್ಕೆ ಆಧಾರವಿಲ್ಲ. ಹಾಗೊಂದು ಗೆರೆಯನ್ನು ಗೂಗಲ್ ಎಂದೂ ಹೇಳಿಲ್ಲ. ದಂಡ ಎನ್ನುವುದೂ ಪೂರ್ತಿ ಸರಿಯಲ್ಲ. ಒಂದೇ ಬರಹ ನೂರು ಪುಟಗಳಲ್ಲಿದ್ದರೆ ಗೂಗಲ್ ಅವುಗಳಲ್ಲಿ ಕೆಲವನ್ನು ಆರಿಸಿ ತೋರಿಸುತ್ತದೆ, ಉಳಿದವನ್ನು ಬದಿಗಿಡುತ್ತದೆ. ಹುಡುಕಾಟದ ಕೊನೆಯ ಪುಟಕ್ಕೆ ಹೋದಾಗ "ಇದೇ ರೀತಿಯ ಕೆಲವು ಫಲಿತಾಂಶಗಳನ್ನು ಬಿಟ್ಟಿದ್ದೇವೆ" ಎಂಬ ಸೂಚನೆ ಕಂಡಿರಬಹುದು, ಅದೇ ಇದು. ಶಿಕ್ಷೆಯಲ್ಲ, ಸಾಲಿನಲ್ಲಿ ನಿಲ್ಲಲು ಜಾಗ ಸಿಗದಿರುವುದು ಅಷ್ಟೆ. ಆದರೆ ತಾಣದ ತುಂಬ ಬೇರೆಯವರ ಬರಹವೇ ಇದ್ದು ನಿಮ್ಮದೆನ್ನುವುದು ಏನೂ ಇಲ್ಲದಿದ್ದರೆ ಒಟ್ಟಾರೆ ನೆಲೆ ಕುಸಿಯುತ್ತದೆ. ಆ ಮಟ್ಟಿಗೆ ಅವರ ಎಚ್ಚರಿಕೆಯಲ್ಲಿ ಹುರುಳಿದೆ.

ಈಗ ನೇರಳೆಸೆರಗು ಅವರ ಸಾಲಿಗೆ ಬರೋಣ. ಅಕ್ಕಾ, ನೀವು ಪದಗಳನ್ನು ಬದಲಿಸಿದ್ದೀರಿ, ಮಾಹಿತಿ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಸೂರತ್‌ನವರ ಸಾಲು ಓದಿದ ಹೆಂಗಸಿಗೆ ಏನು ಗೊತ್ತಾಗುವುದಿಲ್ಲವೋ ನಿಮ್ಮ ಸಾಲು ಓದಿದವರಿಗೂ ಅದು ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅವರು "ಲಿಚಿ ಸಿಲ್ಕ್" ಎಂದದ್ದನ್ನು ನೀವು "ಲಿಚಿ ರೇಷ್ಮೆ" ಎಂದು ಮಾಡಿದ್ದೀರಿ. ಆ ಹೆಸರಿನಲ್ಲಿ ಬರುವ ಬಟ್ಟೆ ಸಾಮಾನ್ಯವಾಗಿ ಪಾಲಿಯೆಸ್ಟರ್. ಮಾರುಕಟ್ಟೆಯಲ್ಲಿ "ಸಿಲ್ಕ್" ಎನ್ನುವುದು ಹೊಳಪಿಗೆ ಇಟ್ಟ ಹೆಸರಾಗಿಬಿಟ್ಟಿದೆ, ಕನ್ನಡದಲ್ಲಿ "ರೇಷ್ಮೆ" ಎಂದರೆ ಇನ್ನೂ ಹುಳುವಿನ ಗೂಡಿನಿಂದ ಬಂದದ್ದೇ. ನಕಲನ್ನು ಸ್ವಂತದ್ದಾಗಿಸಲು ಹೋಗಿ ಅವರ ಅರೆಸುಳ್ಳನ್ನು ನಿಮ್ಮ ಪೂರ್ಣ ಸುಳ್ಳಾಗಿಸಿಕೊಂಡಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಇದನ್ನು ನಾನೇ ನೂರಾರು ಸಲ ಮಾಡಿದ್ದೇನೆ.

ನನ್ನ ಸಲಹೆ ಇಷ್ಟೆ: ಅವರ ಬರಹವನ್ನು ಎದುರಿಗಿಟ್ಟುಕೊಂಡು ಬರೆಯಬೇಡಿ, ಸೀರೆಯನ್ನು ಎದುರಿಗಿಟ್ಟುಕೊಳ್ಳಿ. ಟೇಪು, ಅಡುಗೆಮನೆಯ ತಕ್ಕಡಿ, ಬೆಳಗಿನ ಕಿಟಕಿ ಸಾಕು. ಒಂದು ಸೀರೆಯನ್ನು ಬಿಚ್ಚಿ ನೋಡಿ, ಕಂಡದ್ದನ್ನು ಇಲ್ಲಿ ಹೇಳಿ.

ಕರಾವಳಿಕೈಚೀಲ

ನಾನು ಕೈಚೀಲ ಮಾರುತ್ತೇನೆ. ನನ್ನ ಉಪಾಯ ಹೇಳುತ್ತೇನೆ: ಇಂಗ್ಲಿಷ್ ವಿವರಣೆಯನ್ನು ಪೂರ್ತಿ ಕನ್ನಡಕ್ಕೆ ಅನುವಾದ ಮಾಡಿಬಿಡಿ. ಕನ್ನಡದಲ್ಲಿ ಬೇರೆ ಯಾರೂ ಹಾಕಿರುವುದಿಲ್ಲ, ಆದ್ದರಿಂದ ಅದು ತಾನಾಗಿಯೇ ಸ್ವಂತದ್ದು. ನನ್ನ ಪುಟಗಳೆಲ್ಲ ಹಾಗೆಯೇ. ಇಷ್ಟಕ್ಕೆ ತಕ್ಕಡಿ ಏಕೆ?

ಹಳೆಕ್ಯಾಟಲಾಗ್

ಕನ್ನಡದಲ್ಲಿ ಹುಡುಕುವವರಿಗೆ ನಿಮ್ಮ ಪುಟ ಕಾಣುತ್ತದೆ, ಅದು ನಿಜವಾದ ಲಾಭ. ಆದರೆ ಅನುವಾದವೂ ಮೂಲ ಬರಹದ ಮೇಲೆಯೇ ನಿಂತದ್ದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಅನುವಾದದ ಹಕ್ಕೂ ಮೂಲ ಬರೆದವರದ್ದೇ. ಸಗಟು ವ್ಯಾಪಾರಿ ಮಾರಲೆಂದೇ ಕೊಟ್ಟಿರುವುದರಿಂದ ಜಗಳಕ್ಕೆ ಬರುವುದು ಅಪರೂಪ. ಅವರು ಬೇರೆಯವರ ಬರಹವನ್ನೋ ಫೋಟೊವನ್ನೋ ಎತ್ತಿ ನಿಮಗೆ ಕೊಟ್ಟಿದ್ದರೆ ಮಾತ್ರ ಬಿಸಿ ನಿಮಗೆ ತಟ್ಟುತ್ತದೆ. ತುಂಗೆತೀರ ಅವರ ಫೋಟೊ ಮಾತಿಗೂ ಇದೇ ಉತ್ತರ. "ಈ ಚಿತ್ರಗಳನ್ನು ನನ್ನ ತಾಣದಲ್ಲಿ ಬಳಸಬಹುದೇ" ಎಂದು ಒಂದು ಸಂದೇಶ ಕಳಿಸಿ, ಬಂದ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಇನ್ನು, ಫೋಟೊ ಯಾರೂ ಹೋಲಿಸುವುದಿಲ್ಲ ಎನ್ನುವುದು ಹಳೆಯ ಮಾತು. ಕೊಳ್ಳುವವರು ಗೂಗಲ್ ಲೆನ್ಸ್ ಹಿಡಿದರೆ ಅದೇ ಫೋಟೊ ಇರುವ ಹತ್ತು ಅಂಗಡಿಗಳೂ ಅವುಗಳ ಬೆಲೆಯೂ ಸಾಲಾಗಿ ಬರುತ್ತವೆ.

ತಕ್ಕಡಿ ಏಕೆ ಎಂದರೆ, ನಿಮ್ಮ ಕೈಚೀಲದ ಹಿಡಿ ಎಷ್ಟು ಉದ್ದವಿದೆ, ಹೆಗಲಿಗೆ ಹಾಕಿದರೆ ಎಲ್ಲಿಯವರೆಗೆ ಬರುತ್ತದೆ ಎಂದು ನಿಮ್ಮ ಪುಟದಲ್ಲಿ ಇದೆಯೇ?

ಕರಾವಳಿಕೈಚೀಲ

ಇಲ್ಲ. ಅದನ್ನು ಕೇಳಿ ದಿನಕ್ಕೆ ಎರಡಾದರೂ ಸಂದೇಶ ಬರುತ್ತದೆ.

ಬೇರಿಂಗ್‌ಮನೆ, ಹುಬ್ಬಳ್ಳಿ

ಸೀರೆಯವರ ನಡುವೆ ಕಬ್ಬಿಣದವನು ಬಂದಿದ್ದೇನೆ, ಕ್ಷಮಿಸಿ. ನಾನು ಮೋಟಾರು ಪಂಪಿನ ಬಿಡಿಭಾಗ ಮಾರುವವನು. ಸ್ವಂತವಾಗಿ ಬರೆಯಿರಿ ಎಂದು ಯಾರೋ ಹೇಳಿದ್ದನ್ನು ನಂಬಿ ನಾನೊಮ್ಮೆ ಕೆಟ್ಟೆ.

6203 ಎಂಬ ಬೇರಿಂಗ್ ಇದೆ. ಒಳವ್ಯಾಸ 17 ಮಿಲಿಮೀಟರ್, ಹೊರವ್ಯಾಸ 40, ದಪ್ಪ 12. ಅದರ ಹಿಂದೆ `ZZ` ಎಂದಿದ್ದರೆ ಎರಡು ಬದಿಗೂ ತಗಡಿನ ಮುಚ್ಚಳ, `2RS` ಎಂದಿದ್ದರೆ ರಬ್ಬರ್ ಮುಚ್ಚಳ. ನಾನು ಎಲ್ಲರಿಗಿಂತ ಭಿನ್ನವಾಗಿರಲಿ ಎಂದು ಆ ಅಕ್ಷರಗಳನ್ನು ತೆಗೆದು "ಎರಡೂ ಬದಿ ಭದ್ರವಾಗಿ ಮುಚ್ಚಿದ ಬೇರಿಂಗ್" ಎಂದು ಬರೆದೆ. ಓದಲು ಚೆನ್ನಾಗಿತ್ತು. ನೀರು ಸಿಡಿಯುವ ಜಾಗಕ್ಕೆ ರಬ್ಬರಿನದು ಬೇಕಾಗಿದ್ದ ರೈತರೊಬ್ಬರು ಅದನ್ನು ತರಿಸಿಕೊಂಡರು, ನಾನು ತಗಡಿನದು ಕಳಿಸಿದ್ದೆ. ಹಣ ಹಿಂದಿರುಗಿಸಿದೆ, ಎರಡೂ ಕಡೆಯ ಸಾಗಣೆ ಖರ್ಚು ನನ್ನ ತಲೆಗೇ ಬಂತು. ಅಲ್ಲದೆ, ನಮ್ಮ ಗಿರಾಕಿಗಳು ಹುಡುಕುವುದೇ ಆ ನಂಬರಿನಿಂದ. ನಂಬರು ತೆಗೆದ ಮೇಲೆ ಪುಟ ಕಾಣುವುದು ಹೇಗೆ? ಅದಕ್ಕೇ ನಾನು ಹೇಳುವುದು, ವಿವರಣೆ ನಕಲಾಗಿದ್ದರೇ ಒಳ್ಳೆಯದು.

ಹಳೆಕ್ಯಾಟಲಾಗ್

ನಿಮ್ಮ ಪೆಟ್ಟು ನಿಜ, ತೀರ್ಮಾನ ಸ್ವಲ್ಪ ಹೆಚ್ಚಾಯಿತು. ನಂಬರು, ಅಳತೆ, ನೂಲಿನ ಹೆಸರು ಇವನ್ನೆಲ್ಲ ಯಾರೂ ತಿರುಗಿಸಿ ಬರೆಯಬಾರದು. ಅವು ಎಲ್ಲರ ಪುಟದಲ್ಲೂ ಒಂದೇ ಇರಬೇಕು, ಇದ್ದರೆ ಯಾವ ಹಾನಿಯೂ ಇಲ್ಲ. ಅವನ್ನು ಒಂದು ಪಟ್ಟಿಯಲ್ಲಿ ಹಾಗೆಯೇ ಇಟ್ಟು, ಅದರ ಕೆಳಗೆ "ನೀರು ಸಿಡಿಯುವ ಜಾಗಕ್ಕೆ `2RS` ತೆಗೆದುಕೊಳ್ಳಿ, ಇದು ಆ ಬಗೆಯದಲ್ಲ" ಎಂದು ನೀವು ಬರೆದಿದ್ದರೆ ಆ ಸಾಲು ಬೇರೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಸ್ವಂತದ್ದು ಎಂದರೆ ನನ್ನ ಮಟ್ಟಿಗೆ ಅದು: ವಸ್ತುವನ್ನು ಮುಟ್ಟಿ ಮಾರಿದವನಿಗೆ ಮಾತ್ರ ಗೊತ್ತಿರುವ ಸಾಲು.

ನೇರಳೆಸೆರಗು, ಶಿವಮೊಗ್ಗ

ಮಾಡಿದೆ. ಮಧ್ಯಾಹ್ನವಿಡೀ ಹಿಡಿಯಿತು. ಅದೇ ಲಿಚಿ ಸೀರೆ, ಅವರ ಪಟ್ಟಿಯಲ್ಲಿ "ವೈನ್" ಎಂಬ ಬಣ್ಣದ್ದು.

ಹಜಾರದಲ್ಲಿ ಚಾಪೆ ಹಾಸಿ ಸೀರೆಯನ್ನು ಎಳೆಯದೆ ಉದ್ದಕ್ಕೆ ಹರಡಿದೆ. ಅವರು ಸೀರೆ ಐದೂವರೆ ಮೀಟರ್, ಬ್ಲೌಸ್ ತುಂಡು 80 ಸೆಂಟಿಮೀಟರ್ ಎಂದಿದ್ದರು. ನನ್ನ ಟೇಪಿನಲ್ಲಿ ಸೀರೆ 5.42 ಮೀಟರ್, ಬ್ಲೌಸ್ 78 ಸೆಂಟಿಮೀಟರ್. ಅಗಲ 112. ತೂಕ ಎರಡೂ ಸೇರಿ 610 ಗ್ರಾಂ. ಮನೆಯಲ್ಲಿದ್ದ ನನ್ನ ಮೈಸೂರು ಕ್ರೇಪ್ ಸೀರೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೆ, ಕೈಗೆತ್ತಿಕೊಂಡರೆ ಅದಕ್ಕಿಂತ ಇದೇ ಹೆಚ್ಚು ಭಾರ ಎನ್ನಿಸುತ್ತದೆ.

ಬ್ಲೌಸ್ ತುಂಡಿನ ಅಂಚಿನಿಂದ ನಾಲ್ಕೈದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿದೆ. ಕೂದಲು ಸುಟ್ಟ ವಾಸನೆ ಬರಲಿಲ್ಲ. ಎಳೆ ಬೆಂಕಿಯಿಂದ ಹಿಂದಕ್ಕೆ ಮುದುಡಿ ಕರಗಿತು, ಆರಿದ ಮೇಲೆ ಸಾಸಿವೆಯಂಥ ಗಟ್ಟಿ ಕಪ್ಪು ಗುಂಡು ಉಳಿಯಿತು. ಉಗುರಿನಲ್ಲಿ ಒತ್ತಿದರೂ ಪುಡಿಯಾಗಲಿಲ್ಲ.

ಬಣ್ಣ: ಕಿಟಕಿಯ ಬೆಳಕಿನಲ್ಲಿ ಕಳಿತ ನೇರಳೆ ಹಣ್ಣಿನ ಬಣ್ಣ, ಟ್ಯೂಬ್‌ಲೈಟಿನಲ್ಲಿ ಕಂದಿಗೆ ತಿರುಗುತ್ತದೆ. ಅವರ ಫೋಟೊದಲ್ಲಿ ಇದ್ದದ್ದು ದಾಸವಾಳದ ಕೆಂಪು.

ಸೆರಗಿನ ಹಿಂಬದಿ ತಿರುಗಿಸಿದಾಗ ಜರಿಯ ಎಳೆಗಳು ಉದ್ದುದ್ದಕ್ಕೆ ಬಿಡಿಬಿಡಿಯಾಗಿ ಹರಿದಾಡುತ್ತಿವೆ. ನನ್ನ ಉಂಗುರಕ್ಕೆ ಎರಡು ಸಲ ಸಿಕ್ಕಿಕೊಂಡವು.

ಒಂದು ಮಾತು ಹೇಳಲೇಬೇಕು. ಕಳೆದ ದೀಪಾವಳಿಯಲ್ಲಿ ಇದೇ ವಿನ್ಯಾಸದ ಹನ್ನೊಂದು ಸೀರೆ ವಾಪಸ್ ಬಂದಿದ್ದವು. ಏಳು ಜನ "ಬಣ್ಣ ಬೇರೆ" ಎಂದಿದ್ದರು, ಇಬ್ಬರು "ಉಂಗುರಕ್ಕೆ ಸಿಕ್ಕಿ ಎಳೆ ಬಂತು" ಎಂದಿದ್ದರು. ಆಗ ಅವರ ಮೇಲೆ ಸಿಟ್ಟು ಬಂದಿತ್ತು. ಇವತ್ತು ನೋಡಿದರೆ ಅವರು ಹೇಳಿದ್ದೆಲ್ಲ ನನ್ನ ಚಾಪೆಯ ಮೇಲೆಯೇ ಇದೆ.

ಹಳೆಕ್ಯಾಟಲಾಗ್

ಆ ಹನ್ನೊಂದು ಜನ ನಿಮ್ಮ ವಿವರಣೆಯ ಅರ್ಧ ಬರೆದುಕೊಟ್ಟಿದ್ದಾರೆ. ವಾಪಸ್ ಬಂದ ಕಾರಣ ಮತ್ತು ವಾಟ್ಸ್ಆ್ಯಪ್‌ನಲ್ಲಿ ಪದೇ ಪದೇ ಬರುವ ಪ್ರಶ್ನೆ, ಇವೆರಡನ್ನು ನಾವು ಕಚೇರಿಯಲ್ಲಿ ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡುತ್ತಿದ್ದೆವು. ಸಗಟು ವ್ಯಾಪಾರಿಗೆ ಆ ಪ್ರಶ್ನೆಗಳು ಹೋಗುವುದೇ ಇಲ್ಲ, ಅವು ಬರುವುದು ನಿಮಗೆ. ಆದ್ದರಿಂದಲೇ ಅವರ ಬರಹದಲ್ಲಿ ಅವಕ್ಕೆ ಉತ್ತರ ಇರುವುದಿಲ್ಲ.

ಎಳೆ ಸುಟ್ಟು ನೋಡಿದ್ದು ಸರಿ, ಆದರೆ ಅದಕ್ಕೂ ಮಿತಿ ಇದೆ. ಕರಗಿ ಗುಂಡಾದರೆ ಸಂಶ್ಲೇಷಿತ ನೂಲು ಎಂದು ಹೇಳಬಹುದು. ಹಾಸಿನಲ್ಲಿ ಒಂದು ನೂಲು, ಹೊಕ್ಕಿನಲ್ಲಿ ಇನ್ನೊಂದು ಇರುವ ಸೀರೆಗಳಿವೆ, ಆದ್ದರಿಂದ ಎರಡು ದಿಕ್ಕಿನಿಂದಲೂ ಎಳೆ ತೆಗೆದು ಬೇರೆ ಬೇರೆಯಾಗಿ ಸುಡಬೇಕು. ಮಿಶ್ರ ನೂಲಾದರೆ ಮನೆಯ ಬೆಂಕಿಯಲ್ಲಿ ಪ್ರಮಾಣ ತಿಳಿಯುವುದಿಲ್ಲ. ಅಂಥ ಕಡೆ ಸಗಟು ವ್ಯಾಪಾರಿಯಿಂದ ನೂಲಿನ ವಿವರವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ತುಂಗೆತೀರ

ಪಾಲಿಯೆಸ್ಟರ್ ಎಂದು ಬರೆದರೆ ಯಾರು ಕೊಳ್ಳುತ್ತಾರೆ ಸರ್? ಪಕ್ಕದ ಹತ್ತು ಅಂಗಡಿಯವರು ಸಿಲ್ಕ್ ಎಂದೇ ಮಾರುತ್ತಿದ್ದಾರೆ. ಸುಳ್ಳು ಹೇಳಿದ್ದು ಸೂರತ್‌ನವರು, ಮೇಡಂ ಅಲ್ಲವಲ್ಲ.

ಹಳೆಕ್ಯಾಟಲಾಗ್

ಕೊಂಡವರ ಬಿಲ್ಲಿನಲ್ಲಿ ಇರುವುದು ಮೇಡಂ ಅವರ ಹೆಸರು, ಸೂರತ್‌ನವರದ್ದಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನಲು ಮಾರುವವರಿಗೆ ಅವಕಾಶವಿಲ್ಲ. "ಸಗಟುದಾರ ಹಾಗೆ ಬರೆದಿದ್ದ" ಎಂದರೆ ಗಿರಾಕಿಗೆ ಅದು ಉತ್ತರವಾಗುವುದಿಲ್ಲ.

ಆದರೆ ನಿಮ್ಮ ಪ್ರಶ್ನೆ ಸುಳ್ಳಲ್ಲ. ಜನ ಹುಡುಕುವುದೇ "ಲಿಚಿ ಸಿಲ್ಕ್" ಎಂದು. ಆ ಪದ ಪುಟದಲ್ಲಿ ಇರದಿದ್ದರೆ ಅವರು ಬರುವುದೇ ಇಲ್ಲ. ನಾನು ಮಾಡುತ್ತಿದ್ದದ್ದು ಹೀಗೆ: ಮಾರುಕಟ್ಟೆಯ ಹೆಸರನ್ನು ಶೀರ್ಷಿಕೆಯಲ್ಲಿ ಹೆಸರಾಗಿಯೇ ಇಡುವುದು, ನೂಲು ಯಾವುದು ಎನ್ನುವುದನ್ನು ಮೊದಲ ಎರಡು ಸಾಲಿನೊಳಗೆ ಬಿಚ್ಚಿ ಹೇಳುವುದು. ಇದು ಪೂರ್ತಿ ಪ್ರಾಮಾಣಿಕವೇ ಎಂದು ನನ್ನ ಹೆಂಡತಿ ಕೇಳಿದ್ದಳು. ಶೀರ್ಷಿಕೆಯಲ್ಲಿ ಸಿಲ್ಕ್ ಎಂದೂ ಒಳಗೆ ಅಲ್ಲವೆಂದೂ ಬರೆಯುವುದು ಒಂದು ಬಗೆಯ ಆಟವೇ ಅಲ್ಲವೇ ಎಂದು. ಅವಳಿಗೆ ಒಪ್ಪುವ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಇಳಕಲ್ಲಿನವ

ಇಷ್ಟು ಹೊತ್ತು ಓದುತ್ತಿದ್ದೆ. ನಾವು ನೇಯುವ ಮನೆಯವರು, ಅಂದರೆ ನಿಮ್ಮ ಭಾಷೆಯಲ್ಲಿ ಪೂರೈಕೆದಾರರು. ಆಚೆ ಬದಿಯ ಮಾತನ್ನೂ ಸ್ವಲ್ಪ ಕೇಳಿ.

ನಾವೇ ಒಂದು ಚೀಟಿ ಬರೆದು ಕಳಿಸುತ್ತೇವೆ: ಮೈ ಹತ್ತಿ, ಸೆರಗು ಚಮಕಾ, ಟೋಪು ತೆನೆ ಸೆರಗು, ಗೋಮಿ ದಡಿ, ಕೈಮಗ್ಗ. ನಮ್ಮ ಕಡೆ ಚಮಕಾ ಎಂದರೆ ಆರ್ಟ್ ಸಿಲ್ಕ್, ಕೃತಕ ರೇಷ್ಮೆ. ಊರಿನ ಹೊರಗೆ ಆ ಪದ ಗೊತ್ತಿಲ್ಲ. ಒಬ್ಬ ಮರುಮಾರಾಟಗಾರರು ಚೀಟಿಯನ್ನು ಚೆಂದವಾಗಿ ಬರೆಯುತ್ತೇನೆ ಎಂದು ಹೋಗಿ ಚಮಕಾ ಎಂದರೆ ಚಮಕ್ ಇರಬೇಕೆಂದು ಊಹಿಸಿ "ಮಿರುಗುವ ರೇಷ್ಮೆ ಸೆರಗು" ಎಂದು ಹಾಕಿದರು. ಕೊಂಡವರು ಆ ಮೇಲೆ ಬೈದದ್ದು ನಮ್ಮನ್ನು. ಇನ್ನೊಬ್ಬರು ಆರ್ಟ್ ಸಿಲ್ಕ್ ಎಂದೇ ಬಿಟ್ಟರು, ಅವರ ಗಿರಾಕಿಗಳು ಆರ್ಟ್ ಎಂದರೆ ಕಲೆ, ಚಿತ್ರ ಬಿಡಿಸಿದ ರೇಷ್ಮೆ ಎಂದುಕೊಂಡಿದ್ದರಂತೆ.

ನೀವು ಬರೆಯಬಹುದಾದದ್ದು ಬೇರೆ ಇದೆ. ಇಳಕಲ್ ಕೈಮಗ್ಗದಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕೊಂಡಿಯಂತೆ ಒಂದಕ್ಕೊಂದು ಸಿಕ್ಕಿಸಿ ಸೇರಿಸುತ್ತೇವೆ. ಸೀರೆಯನ್ನು ತಿರುಗಿಸಿ ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಆ ಸೇರಿಕೆಯ ಗೆರೆ ಕೈಗೆ ಸಿಗುತ್ತದೆ. ಅದರ ಹತ್ತಿರದ ಒಂದು ಫೋಟೊ, ಕೆಳಗೆ ಎರಡು ಸಾಲು. ಅಷ್ಟನ್ನು ಹಾಕಿದ ಅಂಗಡಿ ನಾನು ಈವರೆಗೆ ಒಂದನ್ನು ಮಾತ್ರ ನೋಡಿದ್ದೇನೆ. ಉಳಿದವರೆಲ್ಲ "ಪರಂಪರೆಯ ಸೊಬಗು" ಎನ್ನುತ್ತಾರೆ. ಆ ಸೊಬಗನ್ನು ಯಾವ ಮಗ್ಗದಲ್ಲಿ ನೇಯುತ್ತಾರೋ ನನಗೆ ತಿಳಿಯದು.

ಬೇರಿಂಗ್‌ಮನೆ, ಹುಬ್ಬಳ್ಳಿ

ಸೊಬಗಿನ ಮಗ್ಗ ಎಂದದ್ದು ಚೆನ್ನಾಗಿದೆ ಅಣ್ಣಾ. ನಮ್ಮಲ್ಲಿ ಅದರ ಹೆಸರು "ಉನ್ನತ ಗುಣಮಟ್ಟ". ಎರಡು ರೂಪಾಯಿಯ ವಾಷರಿಗೂ ಅದೇ.

ನೇರಳೆಸೆರಗು, ಶಿವಮೊಗ್ಗ

ಎಲ್ಲರ ಮಾತು ಓದಿ ಹೊಸದಾಗಿ ಬರೆದೆ. ದಯವಿಟ್ಟು ತಪ್ಪು ಹುಡುಕಿ.

"ನೇರಳೆ ಬಣ್ಣದ ಲಿಚಿ ಸಿಲ್ಕ್ ಸೀರೆ. ಲಿಚಿ ಸಿಲ್ಕ್ ಎನ್ನುವುದು ಮಾರುಕಟ್ಟೆಯ ಹೆಸರು, ನೂಲು ಪಾಲಿಯೆಸ್ಟರ್. ಹಗಲಿನಲ್ಲಿ ಕಳಿತ ನೇರಳೆ ಹಣ್ಣಿನಂತೆ ಕಾಣುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಸ್ವಲ್ಪ ಕಂದು. ಮೊದಲ ಎರಡು ಫೋಟೊ ನಮ್ಮ ಮನೆಯ ಕಿಟಕಿಯ ಬಳಿ ತೆಗೆದದ್ದು, ಬಣ್ಣಕ್ಕೆ ಅವನ್ನೇ ನಂಬಿ. ತೂಕ 610 ಗ್ರಾಂ, ಪೂರ್ತಿ ದಿನದ ಮದುವೆಗೆ ಉಟ್ಟರೂ ಹೆಗಲು ಎಳೆಯುವಷ್ಟು ಭಾರವಿಲ್ಲ. ನೆರಿಗೆ ಮೊದಲ ಸಲ ಸ್ವಲ್ಪ ಉಬ್ಬುತ್ತದೆ, ಹಿಂದಿನ ರಾತ್ರಿ ಮಡಿಸಿ ಹಾಸಿಗೆಯ ಕೆಳಗೆ ಇಟ್ಟರೆ ಕೂರುತ್ತದೆ. ಸೆರಗಿನ ಹಿಂಬದಿಯಲ್ಲಿ ಜರಿಯ ಎಳೆಗಳು ಬಿಡಿಯಾಗಿವೆ, ಕಲ್ಲಿನ ಉಂಗುರ ಹಾಕುವವರು ಸೆರಗಿಗೆ ತೆಳುವಾದ ನೆಟ್ ಹೊಲಿಸಿಕೊಳ್ಳುವುದು ಒಳ್ಳೆಯದು. ಬ್ಲೌಸ್ ತುಂಡು 78 ಸೆಂಟಿಮೀಟರ್, ಉದ್ದ ತೋಳು ಬೇಕೆನ್ನುವವರಿಗೆ ಸಾಲದೆ ಹೋಗಬಹುದು."

ಕೆಳಗೆ ಪಟ್ಟಿಯಲ್ಲಿ ಉದ್ದ, ಅಗಲ, ನೂಲು, ಒಗೆಯುವ ವಿಧಾನ, ಅವರ ವಿನ್ಯಾಸ ಸಂಖ್ಯೆ. ಅತ್ತೆ ಓದಿ, "ಇದು ನೀನು ಮಾತಾಡಿದ ಹಾಗಿದೆ" ಎಂದರು.

ಹಳೆಕ್ಯಾಟಲಾಗ್

ಇದನ್ನು ಇನ್ನೊಬ್ಬರು ಬರೆಯಲು ಆ ಸೀರೆಯನ್ನು ಬಿಚ್ಚಲೇಬೇಕು. ಚೆನ್ನಾಗಿದೆ.

ಎರಡು ಕೊರತೆ. ಹಾಸಿಗೆಯ ಕೆಳಗೆ ಇಡುವ ಮಾತನ್ನು ನೀವು ಮಾಡಿ ನೋಡಿದ್ದೀರೋ, ಬೇರೆ ಸೀರೆಯ ಅನುಭವವನ್ನು ಇದಕ್ಕೆ ಅಂಟಿಸಿದ್ದೀರೋ? ಮಾಡಿ ನೋಡಿರದಿದ್ದರೆ ತೆಗೆದುಬಿಡಿ. ಸ್ವಂತವಾಗಿ ಬರೆಯುವವರು ಬೀಳುವ ಹಳ್ಳ ಇದೇ, ಕೈ ಓಡುತ್ತಿರುವಾಗ ಕಂಡಿರದ್ದನ್ನೂ ಸೇರಿಸಿಬಿಡುತ್ತೇವೆ. ಎರಡನೆಯದು, ಈ ವಿನ್ಯಾಸ ಎಷ್ಟು ಬಣ್ಣದಲ್ಲಿದೆ?

ನೇರಳೆಸೆರಗು, ಶಿವಮೊಗ್ಗ

ಹಾಸಿಗೆಯ ಮಾತು ಸಿಕ್ಕಿಹಾಕಿಕೊಂಡಿತು ಸರ್. ಅದು ಅಮ್ಮನ ಹತ್ತಿ ಸೀರೆಯದು. ತೆಗೆಯುತ್ತೇನೆ. ಬಣ್ಣ ಆರು. ಒಂದೊಂದಕ್ಕೂ ಬೇರೆ ಪುಟ ಮಾಡಿದ್ದೇನೆ.

ಹಳೆಕ್ಯಾಟಲಾಗ್

ಹಾಗಾದರೆ ನಿಮ್ಮ 340 ಪುಟಗಳಲ್ಲಿ ಬಹಳಷ್ಟು ಒಂದಕ್ಕೊಂದು ನಕಲು. ಹೊರಗಿನವರೊಡನೆ ಸ್ಪರ್ಧಿಸುವ ಮೊದಲು ನಿಮ್ಮ ಪುಟಗಳೇ ತಮ್ಮತಮ್ಮಲ್ಲಿ ತಳ್ಳಾಡುತ್ತಿವೆ. ಆರು ಬಣ್ಣಗಳನ್ನು ಒಂದೇ ಪುಟದಲ್ಲಿಟ್ಟು, ಬಣ್ಣ ಆರಿಸಿದಾಗ ಫೋಟೊ ಬದಲಾಗುವಂತೆ ಮಾಡಿಸಿ. ನೂಲು, ತೂಕ, ಸೆರಗಿನ ಮಾತು ಆರಕ್ಕೂ ಒಂದೇ. ಬಣ್ಣಕ್ಕೊಂದು ಸಾಲು ಸಾಕು. ಹಳೆಯ ಪುಟಗಳ ವಿಳಾಸವನ್ನು ಹೊಸದಕ್ಕೆ ತಿರುಗಿಸಲು ತಾಣ ಮಾಡಿದವರಿಗೆ ಹೇಳಿ, ಸುಮ್ಮನೆ ಅಳಿಸಬೇಡಿ.

ಎಲ್ಲವನ್ನೂ ಒಮ್ಮೆಗೆ ಬರೆಯಲು ಕೂರಬೇಡಿ. ಮೂರನೆಯ ದಿನಕ್ಕೆ "ಆಕರ್ಷಕ" ಎಂಬ ಪದ ತಾನಾಗಿಯೇ ಬರಲು ಶುರುವಾಗುತ್ತದೆ. ಹೆಚ್ಚು ಮಾರಾಟವಾಗುವ, ಮತ್ತೆ ಮತ್ತೆ ತರಿಸುವ ಇಪ್ಪತ್ತನ್ನು ಮೊದಲು ಮಾಡಿ. ಒಂದು ಸಲ ಬಂದು ಮುಗಿಯುವ ಸರಕಿಗೆ ಅಳತೆಯ ಪಟ್ಟಿ ಮತ್ತು ಒಂದು ನಿಜವಾದ ಸಾಲು ಇದ್ದರೂ ನಡೆಯುತ್ತದೆ. ಬರೆದಾದ ಮೇಲೆ ನಿಮ್ಮದೇ ಒಂದು ಸಾಲನ್ನು ಹೀಗೆ ಹುಡುಕಿ ನೋಡಿ, ಕೊನೆಯಲ್ಲಿ ನಿಮ್ಮ ತಾಣದ ವಿಳಾಸ ಹಾಕಿದರೆ ನಿಮ್ಮದನ್ನು ಬಿಟ್ಟು ಉಳಿದವು ಬರುತ್ತವೆ:

```
"ಹಗಲಿನಲ್ಲಿ ಕಳಿತ ನೇರಳೆ ಹಣ್ಣಿನಂತೆ" -site:example.com
```

ಕರಾವಳಿಕೈಚೀಲ

ಇದೆಲ್ಲ ಅಮೆಜಾನ್‌ನಲ್ಲಿ ಮಾರುವವರಿಗೂ ಅನ್ವಯಿಸುತ್ತದೆಯೇ? ನನ್ನ ಅರ್ಧ ವ್ಯಾಪಾರ ಅಲ್ಲಿದೆ.

ಹಳೆಕ್ಯಾಟಲಾಗ್

ಅಲ್ಲಿ ಲೆಕ್ಕ ಬೇರೆ. ಬಾರ್‌ಕೋಡ್ ಇರುವ, ಹತ್ತು ಜನ ಮಾರುವ ಬ್ರ್ಯಾಂಡ್ ವಸ್ತುವಾದರೆ ಎಲ್ಲರಿಗೂ ಸೇರಿ ಒಂದೇ ಪುಟ. ನೀವು ಆ ಪುಟಕ್ಕೆ ನಿಮ್ಮ ಬೆಲೆಯನ್ನು ಸೇರಿಸುತ್ತೀರಿ, ವಿವರಣೆ ನಿಮ್ಮದೇ ಕಾಣಬೇಕೆಂದಿಲ್ಲ. ಅಂಥ ವಸ್ತುವಿಗೆ ಕೂತು ಬರೆದರೆ ಶ್ರಮ ನೀರಿಗೆ ಹಾಕಿದಂತೆ. ನೀವೇ ಹೊಲಿಸಿದ, ನಿಮ್ಮ ಹೆಸರಿನ ಚೀಲಗಳಿದ್ದರೆ ಅವಕ್ಕೆ ಬರೆಯಿರಿ.

ತುಂಗೆತೀರ

ಎಲ್ಲ ಸರಿ. ಮೇಡಂ ಇಷ್ಟು ಕಷ್ಟಪಟ್ಟು ಬರೆದದ್ದನ್ನು ನಾಳೆ ಇನ್ನೊಬ್ಬರು ಎತ್ತಿ ಹಾಕಿದರೆ? ಫರ್ನಿಚರ್ ಅಂಗಡಿಯವರಿಗೆ ಆದದ್ದು ಅದೇ ಎಂದು ಈಗ ನೆನಪಾಯಿತು. ಅವರು ನಕಲು ಮಾಡಿರಲಿಲ್ಲ, ಅವರದ್ದನ್ನು ಉಳಿದವರು ನಕಲು ಮಾಡಿದ್ದರು.

ಹಳೆಕ್ಯಾಟಲಾಗ್

ಅದಕ್ಕೆ ಗಟ್ಟಿ ಮದ್ದಿಲ್ಲ. ಗೂಗಲ್‌ಗೆ ಹಕ್ಕುಸ್ವಾಮ್ಯದ ದೂರು ಕೊಟ್ಟು ಆ ಪುಟವನ್ನು ಹುಡುಕಾಟದಿಂದ ತೆಗೆಸಬಹುದು, ನಾನೂ ತೆಗೆಸಿದ್ದೇನೆ. ಒಂದು ತೆಗೆಸುವಷ್ಟರಲ್ಲಿ ಮೂರು ಹುಟ್ಟುತ್ತವೆ. ಬರೆದ ದಿನಾಂಕ ಗೊತ್ತಾಗುವಂತೆ ಮೂಲ ಕಡತ, ಮೂಲ ಫೋಟೊ ಇಟ್ಟುಕೊಳ್ಳಿ ಎನ್ನಬಲ್ಲೆ, ಅಷ್ಟೆ.

ಇಳಕಲ್ಲಿನವ

"ನಮ್ಮ ಮನೆಯ ಕಿಟಕಿಯ ಬಳಿ ತೆಗೆದದ್ದು" ಎಂಬ ಸಾಲನ್ನು ಎತ್ತುವವರು ಕಿಟಕಿಯನ್ನೂ ಎತ್ತಿಕೊಂಡು ಹೋಗಬೇಕಾಗುತ್ತದೆ.

ನೇರಳೆಸೆರಗು, ಶಿವಮೊಗ್ಗ

ಒಂದು ಹೊಸ ತಲೆನೋವು. ಆರು ಬಣ್ಣವನ್ನು ಒಂದೇ ಪುಟಕ್ಕೆ ತರುವ ಮೊದಲು ಉಳಿದ ಐದನ್ನೂ ಅಳೆದೆ. ನಾಲ್ಕು ಹೆಚ್ಚು ಕಡಿಮೆ 5.42ರ ಆಸುಪಾಸಿನಲ್ಲಿವೆ. ಗಿಳಿಹಸಿರು ಮಾತ್ರ 5.31. ಮೂರು ಸಲ ಅಳೆದೆ, ಮಗನಿಂದಲೂ ಅಳೆಸಿದೆ. ಸೂರತ್‌ಗೆ ಫೋನ್ ಮಾಡಿದರೆ, "ಎಲ್ಲರಿಗೂ ಅದೇ ಹೋಗುತ್ತದೆ, ಯಾರೂ ಕೇಳಿಲ್ಲ" ಎಂದರು. ಐದೂವರೆ ಎಂದು ಎಲ್ಲರೂ ಬರೆದಿರುವಾಗ ನಾನೊಬ್ಬಳು 5.31 ಎಂದು ಬರೆದರೆ ನನ್ನ ಸೀರೆಯೇ ಗಿಡ್ಡ ಎಂದಾಗುವುದಿಲ್ಲವೇ?

ಬೇರಿಂಗ್‌ಮನೆ, ಹುಬ್ಬಳ್ಳಿ

ಬರೆಯಿರಿ ಅಕ್ಕಾ. ಎತ್ತರದವರು ಹಸಿರು ತೆಗೆದುಕೊಳ್ಳುವುದಿಲ್ಲ, ಗಿಡ್ಡಗಿರುವವರಿಗೆ ಸರಿಹೋಗುತ್ತದೆ. 17 ಮಿಲಿಮೀಟರನ್ನು ನಾನು ಸುಮಾರು 17 ಎಂದು ಮಾರಿದರೆ ಶಾಫ್ಟಿಗೆ ಕೂರುವುದಿಲ್ಲ.

ತುಂಗೆತೀರ

ಸೀರೆ ಬೇರಿಂಗ್ ಅಲ್ಲವಲ್ಲ. "ಸುಮಾರು ಐದೂವರೆ" ಎಂದು ಹಾಕಿದರೆ ಸಾಕು, ನೆರಿಗೆಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಹಳೆಕ್ಯಾಟಲಾಗ್

ಹತ್ತೊಂಬತ್ತು ಸೆಂಟಿಮೀಟರ್ ಕಡಿಮೆ ಇರುವುದನ್ನು ಸುಮಾರು ಎನ್ನುವುದು ನನಗೆ ಒಗ್ಗುವುದಿಲ್ಲ, ಅದು ಹೆಚ್ಚು ಕಡಿಮೆ ಒಂದು ನೆರಿಗೆಯಷ್ಟು. ಆದರೆ ಮುಂದಿನ ಸಲ ಬರುವ ಗಿಳಿಹಸಿರು 5.31 ಇರುತ್ತದೆ ಎಂದೂ ಹೇಳಲಾಗದು. ಪ್ರತಿ ಸಲ ಸರಕು ಬಂದಾಗ ಬಣ್ಣಕ್ಕೊಂದರಂತೆ ಅಳೆಯುತ್ತೀರಾ?

ನೇರಳೆಸೆರಗು, ಶಿವಮೊಗ್ಗ

ಅಳೆಯಬೇಕೇನೋ. ಸದ್ಯಕ್ಕೆ ಹಸಿರನ್ನು ಪುಟದಿಂದ ತೆಗೆದಿಟ್ಟಿದ್ದೇನೆ. ಅತ್ತೆ ಅದನ್ನು ತಾವೇ ಉಡುತ್ತೇನೆ ಎನ್ನುತ್ತಿದ್ದಾರೆ. ಬ್ಲೌಸ್ ತುಂಡು ಅವರಿಗೆ ಸಾಕಾಗುತ್ತದೋ ಇಲ್ಲವೋ ನೋಡಿ ಬರೆಯುತ್ತೇನೆ.